ಸಾವಿರಕ್ಕೆ ಸಾವಿರದ ಇಪ್ಪತ್ತಮೂರು

ಸಾವಿರ ಮಂದಿ ಇರುವಲ್ಲಿ ಸಾವಿರದ ಇಪ್ಪತ್ತಮೂರು ಮಂದಿ ಸಾಯಬಲ್ಲರೆ? ಪ್ರಾಥಮಿಕ ಶಾಲೆಯ ಹುಡುಗನನ್ನು ಕೇಳಿದರೂ ನಕ್ಕುಬಿಟ್ಟಾನು. ಆದರೂ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಅಚ್ಚಾದ ಒಂದು ಕೋಷ್ಟಕದಲ್ಲಿ, 1855ರ ಜನವರಿ ತಿಂಗಳ ಸಾಲಿನಲ್ಲಿ, ರೋಗದಿಂದಾದ ಮರಣದ ಪ್ರಮಾಣ ಸಾವಿರಕ್ಕೆ 1022.8 ಎಂದು ಸ್ಪಷ್ಟವಾಗಿ ನಮೂದಾಗಿದೆ. ಅದು ಅಚ್ಚಿನ ದೋಷವಲ್ಲ. ಕೋಷ್ಟಕವನ್ನು ಪ್ರಕಟಿಸಿದವರು ಲೆಕ್ಕದಲ್ಲಿ ಹಿಂದುಳಿದವರೂ ಅಲ್ಲ. ಅವರ ಹೆಸರು ಫ್ಲಾರೆನ್ಸ್ ನೈಟಿಂಗೇಲ್.

ಇಂಥ ಸಂಖ್ಯೆಯನ್ನು ಕಂಡಾಗ ಓದುಗನ ಮುಂದೆ ಎರಡು ಸುಲಭವಾದ ದಾರಿಗಳಿರುತ್ತವೆ: ನಂಬಿ ಮುಂದೆ ಹೋಗುವುದು, ಇಲ್ಲವೆ ನಗುತ್ತ ಪುಟ ಮಗುಚುವುದು. ಮೂರನೆಯ ದಾರಿಯೊಂದಿದೆ. ಅಂಗಡಿಯ ಗುಮಾಸ್ತ ಸಂಜೆ ಹೊತ್ತು ರೋಜುಖಾತೆಯನ್ನು ತಾಳೆ ನೋಡುವಂತೆ, ಅದೇ ಸಾಲಿನಲ್ಲಿ ಕೊಟ್ಟಿರುವ ಜನಸಂಖ್ಯೆಯನ್ನೂ ಸಾವಿನ ಸಂಖ್ಯೆಯನ್ನೂ ತೆಗೆದುಕೊಂಡು ಆ ಪ್ರಮಾಣವನ್ನು ತಾನೇ ಮತ್ತೊಮ್ಮೆ ಕಟ್ಟಿನೋಡುವುದು. ಆಗ ಕೆಲವೊಮ್ಮೆ ಸಂಖ್ಯೆ ಕೂಡಿಬರುವುದಿಲ್ಲ. ಅಲ್ಲಿ ಏನೋ ತಿಳಿಯುತ್ತದೆ. ಕೆಲವೊಮ್ಮೆ ಕರಾರುವಾಕ್ಕಾಗಿ ಕೂಡಿಬರುತ್ತದೆ. ಅಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕಾಗುತ್ತದೆ. ನೈಟಿಂಗೇಲ್ ಅವರು ಪ್ರಕಟಿಸಿದ ಎರಡು ಕೋಷ್ಟಕಗಳು ಈ ಎರಡು ಮಾತಿಗೂ ಒಂದೊಂದು ನಿದರ್ಶನವಾಗಿವೆ.

ಕೂಡಿಬಾರದ ಲೆಕ್ಕ

ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷರೂ ಫ್ರೆಂಚರೂ ತುರ್ಕರ ಪಕ್ಷವಹಿಸಿ ರಷ್ಯದ ಮೇಲೆ ಹೋರಾಡುತ್ತಿದ್ದ ಕಾಲ. 1854ರ ನವೆಂಬರ್ ಮೊದಲ ವಾರದಲ್ಲಿ ನೈಟಿಂಗೇಲ್ ಮೂವತ್ತೆಂಟು ಮಂದಿ ದಾದಿಯರೊಡನೆ ಕಾನ್‌ಸ್ಟಾಂಟಿನೋಪಲಿನ ಎದುರು ದಡದ ಸ್ಕುಟಾರಿಯ ಸೇನಾ ಆಸ್ಪತ್ರೆಯನ್ನು ತಲುಪಿದರು. ಅಲ್ಲಿ ಸಿಪಾಯಿಗಳನ್ನು ಕೊಲ್ಲುತ್ತಿದ್ದುದು ಮುಖ್ಯವಾಗಿ ಗುಂಡಲ್ಲ. ಕಾಲರಾ, ಆಮಶಂಕೆ, ವಿಷಮಜ್ವರಗಳು. 1856ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಅವರಿಗೆ ವಿಲಿಯಂ ಫಾರ್ ಎಂಬವರ ಪರಿಚಯವಾಯಿತು. ಫಾರ್ ವೈದ್ಯವಿದ್ಯೆಯನ್ನು ಕಲಿತವರು. ಜನನ ಮರಣಗಳನ್ನು ದಾಖಲು ಮಾಡುವ ಸರಕಾರಿ ಕಚೇರಿಯಲ್ಲಿ ಅಂಕಿಅಂಶಗಳ ಹೊಣೆ ಹೊತ್ತವರು. ಯುದ್ಧಕಾಲದ ಸಾವುಗಳನ್ನು ತಿಂಗಳುತಿಂಗಳಿಗೆ ವಿಂಗಡಿಸಿದ ಕೋಷ್ಟಕ ಇವರಿಬ್ಬರ ಸ್ನೇಹದ ಫಲ.

ಕೋಷ್ಟಕದ ರಚನೆ ಸರಳವಾದುದು. ಒಂದೊಂದು ತಿಂಗಳಿಗೆ ಒಂದೊಂದು ಸಾಲು. ಮೊದಲು ಆ ತಿಂಗಳಲ್ಲಿ ಸೈನ್ಯದ ಸರಾಸರಿ ಬಲ. ಆಮೇಲೆ ಅಂಟುರೋಗಗಳಿಂದ ಸತ್ತವರು, ಗಾಯಗಳಿಂದ ಸತ್ತವರು, ಇತರ ಕಾರಣಗಳಿಂದ ಸತ್ತವರು. ಕೊನೆಯಲ್ಲಿ ಈ ಮೂರಕ್ಕೂ ಸಾವಿರಕ್ಕೆ ಇಷ್ಟೆಂಬ ಪ್ರಮಾಣ. 1855ರ ಜನವರಿಯಲ್ಲಿ ಸೈನ್ಯದ ಸರಾಸರಿ ಬಲ 32,393. ರೋಗದಿಂದ ಸತ್ತವರು 2,761.

ಈಗ ತಾಳೆ ನೋಡೋಣ. 2,761ನ್ನು 32,393ರಿಂದ ಭಾಗಿಸಿದರೆ 0.0852 ಬರುತ್ತದೆ. ಇದು ತಲಾ ಪ್ರಮಾಣ. ನೂರಕ್ಕೆ ಎಷ್ಟೆಂದು ಕೇಳಿದರೆ ಎಂಟೂವರೆ, ಸಾವಿರಕ್ಕೆ 85.2, ಲಕ್ಷಕ್ಕೆ ಸುಮಾರು 8,523. ಬಿಂದು ಹಿಂದುಮುಂದಾಗುವುದಷ್ಟೆ, ವಿಷಯ ಒಂದೇ. ಆದರೆ ಕೋಷ್ಟಕ ಹೇಳುವುದು 85.2 ಅಲ್ಲ, 1022.8. ಲೆಕ್ಕ ಕೂಡಿಬರಲಿಲ್ಲ.

ಹೀಗೆ ಕೂಡಿಬಾರದಿದ್ದಾಗ ಕೋಷ್ಟಕವನ್ನು ಎಸೆಯುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಅಚ್ಚಾದ ಪ್ರಮಾಣವನ್ನು ತಾನು ಪಡೆದ ಪ್ರಮಾಣದಿಂದ ಭಾಗಿಸಿ, ಅದು ಎಷ್ಟು ಪಟ್ಟು ಹೆಚ್ಚಾಗಿದೆಯೆಂದು ನೋಡಬೇಕು. ಹತ್ತು ಪಟ್ಟೋ ನೂರು ಪಟ್ಟೋ ಆಗಿದ್ದರೆ ಬಿಂದು ಜಾರಿದೆ, ಇಲ್ಲವೆ ಸಾವಿರಕ್ಕೆ ಎಂಬಲ್ಲಿ ಶೇಕಡಾ ಎಂದು ತಲೆಬರಹ ಬಿದ್ದಿದೆ. ಯಾವ ಅಂದವೂ ಇಲ್ಲದ ಸಂಖ್ಯೆಯಾಗಿದ್ದರೆ ಅಂಕಿಗಳು ಅದಲುಬದಲಾಗಿರಬೇಕು, ಅಥವಾ ಲೆಕ್ಕ ಹಾಕಿದವನು ಬೇರೊಂದು ಜನಸಂಖ್ಯೆಯನ್ನು ಬಳಸಿರಬೇಕು. ಇಲ್ಲಿ ಬರುವುದು ಹನ್ನೆರಡು. ಹನ್ನೆರಡು ಎಂದೊಡನೆ ವರ್ಷದ ತಿಂಗಳುಗಳು ನೆನಪಾಗುವುದು ಸಹಜ.

ಒಂದೇ ಸಾಲನ್ನು ನೋಡಿ ತೀರ್ಮಾನಿಸುವುದು ಸಲ್ಲದು. 1854ರ ಜುಲೈ ಸಾಲಿಗೆ ಹೋದರೆ ಸೈನ್ಯ 28,722, ರೋಗದ ಸಾವು 359, ಪ್ರಮಾಣ 150.0. ಸಾಮಾನ್ಯ ಭಾಗಾಕಾರದಿಂದ ಬರುವುದು ಹನ್ನೆರಡೂವರೆ. ಅದರ ಹನ್ನೆರಡರಷ್ಟೇ 150. ಅದೇ ವರ್ಷದ ಏಪ್ರಿಲಿನಲ್ಲಿ 8,571 ಮಂದಿಯಲ್ಲಿ ರೋಗದಿಂದ ಸತ್ತವನು ಒಬ್ಬನೇ, ಪ್ರಮಾಣ 1.4. ಅಲ್ಲಿಯೂ ಹನ್ನೆರಡೇ. ಒಂದು ಸಾಲಿನಲ್ಲಿ ಮಾತ್ರ ಕಾಣುವ ವ್ಯತ್ಯಾಸ ತಪ್ಪು. ಎಲ್ಲ ಸಾಲುಗಳಲ್ಲಿಯೂ ಒಂದೇ ತೆರನಾಗಿ ಕಾಣುವ ವ್ಯತ್ಯಾಸ ನಿಯಮ. ಕೋಷ್ಟಕದ ನಿಯಮವೇನೆಂದರೆ, ಆ ತಿಂಗಳಿನಂತೆಯೇ ಹನ್ನೆರಡು ತಿಂಗಳೂ ಸಾವು ನಡೆದಿದ್ದರೆ ವರ್ಷಕ್ಕೆ ಸಾವಿರಕ್ಕೆ ಎಷ್ಟಾಗುತ್ತಿತ್ತು ಎಂಬುದನ್ನು ಹೇಳುವುದು.

ಆಗ ಆ ಅಸಾಧ್ಯವಾದ ಸಂಖ್ಯೆಗೆ ಅರ್ಥ ಬರುತ್ತದೆ. ಸತ್ತವರ ಸ್ಥಾನಕ್ಕೆ ಹೊಸಬರನ್ನು ಕಳುಹಿಸುತ್ತ ಸೈನ್ಯದ ಬಲವನ್ನು 32,393ರಲ್ಲಿಯೇ ನಿಲ್ಲಿಸಿದ್ದಾರೆ ಎನ್ನೋಣ. ಜನವರಿಯಂತೆಯೇ ತಿಂಗಳಿಗೆ 2,761 ಮಂದಿ ಸಾಯುತ್ತ ಹೋದರೆ ವರ್ಷಾಂತ್ಯಕ್ಕೆ ಸತ್ತವರು 33,132. ಎಂದರೆ ಇಡೀ ಸೈನ್ಯದ ಬಲಕ್ಕಿಂತ ಹೆಚ್ಚು. ರೋಗವೊಂದೇ ಒಂದು ವರ್ಷದಲ್ಲಿ ಇಡೀ ದಂಡನ್ನು ನುಂಗಿ, ಅದರ ಬದಲಿಗೆ ಬಂದ ದಂಡಿಗೂ ಕೈಹಚ್ಚುತ್ತಿತ್ತು. ಅದೇ ತಿಂಗಳಲ್ಲಿ ಗಾಯಗಳಿಂದ ಸತ್ತವರು ಕೇವಲ 83.

ಹೀಗೆ ವರ್ಷಕ್ಕೆ ಏರಿಸಿದ್ದೇಕೆ? ಹೋಲಿಕೆಗಾಗಿ. ಆ ಕಾಲದಲ್ಲಿ ಇಂಗ್ಲೆಂಡಿನ ಸಾಮಾನ್ಯ ಜನರ ಮರಣ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ ಸುಮಾರು 22. ಜನವರಿಯ 85.2ನ್ನು ಅದರ ಪಕ್ಕದಲ್ಲಿ ಇಟ್ಟರೆ, ಯುದ್ಧವಲ್ಲವೆ, ನಾಲ್ಕರಷ್ಟಾಗಿದೆ ಎಂದು ಮಂತ್ರಿಯೊಬ್ಬ ಸಮಾಧಾನಪಟ್ಟುಕೊಂಡಾನು. ಆದರೆ ಒಂದು ತಿಂಗಳ ಲೆಕ್ಕ, ಇನ್ನೊಂದು ವರ್ಷದ ಲೆಕ್ಕ. ಎರಡನ್ನೂ ವರ್ಷದ ಅಳತೆಗೆ ತಂದರೆ ನಾಲ್ಕು ಪಟ್ಟು ಹೋಗಿ ನಲವತ್ತಾರು ಪಟ್ಟಾಗುತ್ತದೆ. ಸೇರಿನಲ್ಲಿ ಅಳೆದುದನ್ನು ಕೊಳಗದಲ್ಲಿ ಅಳೆದುದರೊಡನೆ ಹೋಲಿಸಿದಂತೆ ಆಗಬಾರದೆಂಬುದೇ ಆ ಹನ್ನೆರಡರ ಮರ್ಮ.

ಆದರೂ ಈ ಹನ್ನೆರಡರಲ್ಲಿ ಒಂದು ಸಣ್ಣ ಸೊಟ್ಟಿದೆ. ಎಲ್ಲ ತಿಂಗಳುಗಳೂ ಒಂದೇ ಉದ್ದವಲ್ಲ. ಜನವರಿಗೆ 31 ದಿನ, ಫೆಬ್ರವರಿಗೆ 28. ಫೆಬ್ರವರಿಯ ಸೈನ್ಯ 30,919, ರೋಗದ ಸಾವು 2,120, ಅಚ್ಚಾದ ಪ್ರಮಾಣ 822.8. ಜನವರಿಯಿಂದ ಫೆಬ್ರವರಿಗೆ ಸಾವಿರಕ್ಕೆ ಸರಿಯಾಗಿ 200 ಇಳಿದಂತೆ ಕಾಣುತ್ತದೆ. ಹನ್ನೆರಡರ ಬದಲು ದಿನಗಳ ಲೆಕ್ಕ ಹಿಡಿದು, ಜನವರಿಗೆ 365ನ್ನು 31ರಿಂದಲೂ ಫೆಬ್ರವರಿಗೆ 28ರಿಂದಲೂ ಭಾಗಿಸಿ ಗುಣಿಸಿದರೆ ಪ್ರಮಾಣಗಳು 1003.6 ಮತ್ತು 893.8 ಆಗುತ್ತವೆ. ಇಳಿದುದು 110 ಮಾತ್ರ. ಕೋಷ್ಟಕದಲ್ಲಿ ಕಂಡ ಇಳಿತದಲ್ಲಿ ಸುಮಾರು ಅರ್ಧದಷ್ಟು ರೋಗ ತಗ್ಗಿದ್ದರಿಂದ ಆದುದಲ್ಲ. ಪಂಚಾಂಗದಲ್ಲಿ ಮೂರು ದಿನ ಕಡಿಮೆಯಿದ್ದುದರಿಂದ ಆದುದು. ದೊಡ್ಡ ಕಥೆಗೆ ಇದರಿಂದ ಭಂಗವಿಲ್ಲ: ಚರಂಡಿ ಮತ್ತು ಗಾಳಿಯ ವ್ಯವಸ್ಥೆಯನ್ನು ಸರಿಪಡಿಸಲು ನೈರ್ಮಲ್ಯ ಆಯೋಗದವರು 1855ರ ಮಾರ್ಚಿಯಲ್ಲಿ ಬಂದಿಳಿದರು, ಮುಂದಿನ ವರ್ಷದ ಜನವರಿಯ ಹೊತ್ತಿಗೆ ಪ್ರಮಾಣ 11.4ಕ್ಕೆ ಇಳಿದಿತ್ತು. ಆದರೆ ಒಂದು ತಿಂಗಳನ್ನು ಅದರ ಪಕ್ಕದ ತಿಂಗಳಿನೊಡನೆ ಹೋಲಿಸಿ ಶಭಾಸ್ ಎನ್ನುವ ಮೊದಲು ದಿನಗಳನ್ನು ಎಣಿಸಬೇಕು.

ಕೂಡಿಬಂದ ಲೆಕ್ಕ

ಎರಡನೆಯ ಕೋಷ್ಟಕ 1863ರದು. ನೈಟಿಂಗೇಲ್ ಆಸ್ಪತ್ರೆಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಆವೃತ್ತಿಯಲ್ಲಿ ಅದು ಅಚ್ಚಾಯಿತು. ಅಂಕಿಗಳು ಫಾರ್ ಅವರ ಕಚೇರಿಯವು. ಇಂಗ್ಲೆಂಡಿನ 106 ಮುಖ್ಯ ಆಸ್ಪತ್ರೆಗಳನ್ನು ಏಳು ವರ್ಗಗಳಾಗಿ ವಿಂಗಡಿಸಿ, ಒಂದೊಂದು ವರ್ಗಕ್ಕೂ ರೋಗಿಗಳ ಸಂಖ್ಯೆ, 1861ರಲ್ಲಿ ಆದ ಸಾವುಗಳು ಮತ್ತು ಶೇಕಡಾ ಮರಣವನ್ನು ಕೊಟ್ಟಿದ್ದರು.

ಲಂಡನ್ನಿನ 24 ಆಸ್ಪತ್ರೆಗಳಲ್ಲಿ 4,214 ರೋಗಿಗಳು, 3,828 ಸಾವು, ಶೇಕಡಾ 90.84. ಇತರ ದೊಡ್ಡ ನಗರಗಳ 12 ಆಸ್ಪತ್ರೆಗಳಲ್ಲಿ 1,870 ರೋಗಿಗಳು, 1,555 ಸಾವು, ಶೇಕಡಾ 83.16. ಜಿಲ್ಲೆಗಳ 25 ಆಸ್ಪತ್ರೆಗಳಲ್ಲಿ 2,248 ರೋಗಿಗಳು, 886 ಸಾವು, ಶೇಕಡಾ 39.41. ಮಿಕ್ಕ ವರ್ಗಗಳ ಪ್ರಮಾಣ ಶೇಕಡಾ 40ರಿಂದ 13ರ ಆಸುಪಾಸಿನವರೆಗೆ ಇಳಿಯುತ್ತ ಹೋಗುತ್ತದೆ. ಒಟ್ಟು 12,709 ರೋಗಿಗಳು, 7,227 ಸಾವು, ಶೇಕಡಾ 56.87.

ತಾಳೆ ನೋಡುವವನಿಗೆ ಇಲ್ಲಿ ಆನಂದವೋ ಆನಂದ. 3,828ನ್ನು 4,214ರಿಂದ ಭಾಗಿಸಿದರೆ ಶೇಕಡಾ 90.84 ತಪ್ಪದೆ ಬರುತ್ತದೆ. ಏಳು ವರ್ಗಗಳನ್ನು ಕೂಡಿದರೆ ರೋಗಿಗಳ ಮೊತ್ತವೂ ಸಾವುಗಳ ಮೊತ್ತವೂ ಆಸ್ಪತ್ರೆಗಳ ಮೊತ್ತವೂ ಒಂದಂಕಿ ವ್ಯತ್ಯಾಸವಿಲ್ಲದೆ ಸೇರುತ್ತವೆ. ಕೊನೆಯ 56.87 ಕೂಡ ಸರಿಯಾದ ದಾರಿಯಲ್ಲಿ ಬಂದಿದೆ: ಏಳು ಶೇಕಡಾಗಳನ್ನು ಕೂಡಿ ಏಳರಿಂದ ಭಾಗಿಸಿದ್ದರೆ ಬರುತ್ತಿದ್ದುದು 42.15. ಆ ತಪ್ಪನ್ನು ಫಾರ್ ಮಾಡಲಿಲ್ಲ. ನೂರು ರೋಗಿಗಳ ಆಸ್ಪತ್ರೆಗೂ ನಾಲ್ಕು ಸಾವಿರ ರೋಗಿಗಳ ವರ್ಗಕ್ಕೂ ಸಮಾನ ತೂಕ ಕೊಡಬಾರದೆಂದು ಬಲ್ಲವರು ಅವರು. ಮೊತ್ತವನ್ನು ಮೊತ್ತದಿಂದಲೇ ಭಾಗಿಸಿದರು.

ಗಣಿತ ನಿಷ್ಕಳಂಕ. ಆದರೂ ಲಂಡನ್ನಿನ ವೈದ್ಯರು ಕೆರಳಿದರು. ಆಸ್ಪತ್ರೆಗೆ ಬಂದ ನೂರು ಮಂದಿಯಲ್ಲಿ ತೊಂಬತ್ತೊಂದು ಮಂದಿ ಹೆಣವಾಗಿ ಹೋಗುತ್ತಾರೆಂದರೆ ಯಾರು ತಾನೆ ಸುಮ್ಮನಿದ್ದಾರು? ತಮ್ಮ ವಾರ್ಡುಗಳಲ್ಲಿ ಹಾಗೆ ಆಗುತ್ತಿಲ್ಲವೆಂದು ಅವರಿಗೆ ಕಣ್ಣಾರೆ ಗೊತ್ತಿತ್ತು. ದೋಷ ಎಲ್ಲಿ?

ದೋಷವನ್ನು ಕಾಣಬೇಕಾದರೆ ರೋಗಿಗಳ ಸಂಖ್ಯೆಯ ಮೇಲಿನ ತಲೆಬರಹವನ್ನು ಓದಬೇಕು. ಅಲ್ಲಿ 8ನೆಯ ಏಪ್ರಿಲ್ 1861 ಎಂದಿದೆ. ಆ ವರ್ಷ ಇಂಗ್ಲೆಂಡಿನಲ್ಲಿ ಜನಗಣತಿ ನಡೆದುದು ಏಪ್ರಿಲ್ 7ರ ಭಾನುವಾರ ರಾತ್ರಿ. ಗಣತಿಯವರ ಲೆಕ್ಕಕ್ಕೆ ಅಂದು ಆಸ್ಪತ್ರೆಗಳ ಹಾಸಿಗೆಯ ಮೇಲೆ ಸಿಕ್ಕವರೇ ಈ 4,214 ಮಂದಿ. ಸಾವುಗಳಾದರೋ ಇಡೀ ವರ್ಷದವು. ಸತ್ತ 3,828 ಮಂದಿಯಲ್ಲಿ ಬಹುಪಾಲು ಜನ ಆ ದಿನ ಆಸ್ಪತ್ರೆಯಲ್ಲಿ ಇರಲೇ ಇಲ್ಲ. ಕೆಲವರು ಆಗಲೇ ತೀರಿಕೊಂಡಿದ್ದರು, ಹಲವರು ಇನ್ನೂ ಕಾಯಿಲೆ ಬೀಳದೆ ಮನೆಯಲ್ಲಿ ಓಡಾಡಿಕೊಂಡಿದ್ದರು.

ಯಾತ್ರಾಸ್ಥಳದ ಒಂದು ಛತ್ರವನ್ನು ನೆನೆದುಕೊಂಡರೆ ವಿಷಯ ತಿಳಿಯಾಗುತ್ತದೆ. ಛತ್ರದಲ್ಲಿ ಒಂದು ರಾತ್ರಿ ನೂರು ಮಂದಿ ಮಲಗಿದ್ದಾರೆ. ವರ್ಷದಲ್ಲಿ ಅಲ್ಲಿ ನೂರು ಮಂದಿಯ ಗಂಟು ಕಳುವಾಯಿತು. ಹಾಗೆಂದು ಅಲ್ಲಿ ತಂಗಿದವರೆಲ್ಲರ ಗಂಟೂ ಹೋಯಿತೆನ್ನಬಹುದೆ? ವರ್ಷದಲ್ಲಿ ಬಂದುಹೋದ ಸಾವಿರಾರು ಯಾತ್ರಿಕರನ್ನು ಎಣಿಸದೆ ಆ ಮಾತನ್ನು ಆಡುವಂತಿಲ್ಲ. ಆಸ್ಪತ್ರೆಯ ಹಾಸಿಗೆಯೂ ಛತ್ರದ ಚಾಪೆಯಂತೆ. ಅದರ ಮೇಲೆ ವರ್ಷವಿಡೀ ಒಬ್ಬನೇ ಮಲಗಿರುವುದಿಲ್ಲ.

ಇದರ ಪರಿಣಾಮವೇನೆಂಬುದನ್ನು ಕಲ್ಪಿತ ಅಂಕಿಗಳಿಂದ ನೋಡಬಹುದು. ಎರಡು ಆಸ್ಪತ್ರೆಗಳು, ಎರಡರಲ್ಲಿಯೂ ಸದಾ ತುಂಬಿದ ನೂರು ಹಾಸಿಗೆಗಳು, ಎರಡರಲ್ಲಿಯೂ ಸೇರಿದ ನೂರು ರೋಗಿಗಳಲ್ಲಿ ಹತ್ತು ಮಂದಿ ಸಾಯುತ್ತಾರೆ. ಪಟ್ಟಣದ ಆಸ್ಪತ್ರೆಯಲ್ಲಿ ರೋಗಿ ಸರಾಸರಿ ಮೂವತ್ತಾರೂವರೆ ದಿನ ಇರುತ್ತಾನೆ. ಆದುದರಿಂದ ಒಂದೊಂದು ಹಾಸಿಗೆಗೆ ವರ್ಷಕ್ಕೆ ಹತ್ತು ಮಂದಿ. ಒಟ್ಟು ಸಾವಿರ ರೋಗಿಗಳು, ನೂರು ಸಾವು. ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ರೋಗಿ ಎಪ್ಪತ್ತಮೂರು ದಿನ ಇರುತ್ತಾನೆ; ಐನೂರು ರೋಗಿಗಳು, ಐವತ್ತು ಸಾವು. ಒಂದು ದಿನದ ರೋಗಿಗಳಿಂದ ಭಾಗಿಸುವ ಪದ್ಧತಿಯಲ್ಲಿ ಪಟ್ಟಣಕ್ಕೆ ಶೇಕಡಾ ನೂರು, ಹಳ್ಳಿಗೆ ಶೇಕಡಾ ಐವತ್ತು. ಚಿಕಿತ್ಸೆ ಒಂದೇ, ಗುಣವಾಗುವ ಭರವಸೆ ಒಂದೇ. ಆದರೂ ಪಟ್ಟಣದ ಆಸ್ಪತ್ರೆ ಎರಡು ಪಟ್ಟು ಮಾರಕವೆಂಬ ಹೆಸರು ಹೊತ್ತಿತು. ರೋಗಿಗಳನ್ನು ಬೇಗ ಗುಣಪಡಿಸಿ ಕಳುಹಿಸಿದುದೇ ಅದರ ಅಪರಾಧ! ಲಂಡನ್ನಿನ ಹಾಸಿಗೆಗಳಿಗೂ ವರ್ಷಕ್ಕೆ ಹತ್ತು ಮಂದಿಯಂತೆ ಲೆಕ್ಕ ಹಿಡಿದರೆ 4,214 ಎಂಬುದು 42,140 ಆಗುತ್ತದೆ. ಶೇಕಡಾ ತೊಂಬತ್ತೊಂದು ಒಂಬತ್ತಕ್ಕೆ ಇಳಿಯುತ್ತದೆ.

ವೈದ್ಯ ಪತ್ರಿಕೆಗಳಲ್ಲಿ ವಾದ ಬೆಳೆಯಿತು. ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯ ಬ್ರಿಸ್ಟೋ ಮತ್ತು ಶಸ್ತ್ರವೈದ್ಯ ಹೋಮ್ಸ್ ಸರಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ಈ ಪದ್ಧತಿಯನ್ನು ಕಟುವಾಗಿ ಖಂಡಿಸಿದರು. ನಗರದ ದೊಡ್ಡ ಆಸ್ಪತ್ರೆಗಳಿಗೆ ಕಠಿಣವಾದ ಕಾಯಿಲೆಗಳೂ ಅಪಘಾತಗಳೂ ಹೆಚ್ಚಾಗಿ ಬರುತ್ತವೆಂಬ ಮಾತೂ ಇದರೊಂದಿಗೆ ಸೇರಿತು. ಫಾರ್ ಅವರ ಪಕ್ಷದಲ್ಲಿಯೂ ನ್ಯಾಯವಿಲ್ಲದೆ ಇರಲಿಲ್ಲ. ಊರಿನ ಮರಣ ಪ್ರಮಾಣವನ್ನು ಲೆಕ್ಕ ಹಾಕುವುದು ಹೀಗೆಯೇ ಅಲ್ಲವೆ? ಗಣತಿಯ ದಿನದ ಜನಸಂಖ್ಯೆಯಿಂದ ವರ್ಷದ ಸಾವುಗಳನ್ನು ಭಾಗಿಸುತ್ತಾರೆ. ನೂರು ಹಾಸಿಗೆಗಳು ವರ್ಷವಿಡೀ ತುಂಬಿರುವಾಗ ಅಲ್ಲಿ ಎಷ್ಟು ಸಾವಾಗುತ್ತದೆಂಬುದು ಅರ್ಥವುಳ್ಳ ಪ್ರಶ್ನೆಯೇ. ಆದರೆ ಊರಿನಲ್ಲಿ ಏಪ್ರಿಲಿನಲ್ಲಿ ಇದ್ದವರೇ ಡಿಸೆಂಬರಿನಲ್ಲಿಯೂ ಬಹುಮಟ್ಟಿಗೆ ಇರುತ್ತಾರೆ. ಆಸ್ಪತ್ರೆಯಲ್ಲಿ ಇರುವುದಿಲ್ಲ. ಊರಿಗೆ ಒಪ್ಪುವ ಭಾಜಕ ಆಸ್ಪತ್ರೆಗೆ ಬಂದಾಗ ಬೇರೆ ಅರ್ಥವನ್ನು ಹೇಳತೊಡಗುತ್ತದೆ; ಶೇಕಡಾ ಎಂಬ ತಲೆಬರಹವನ್ನು ಓದುವವನಿಗೆ ಆ ಭೇದ ಕಾಣದು.

ಇದು ಪಂಡಿತರ ಜಗಳ ಮಾತ್ರವಾಗಿರಲಿಲ್ಲ. ರೈಲುದಾರಿಗಾಗಿ ಸೇಂಟ್ ಥಾಮಸ್ ಆಸ್ಪತ್ರೆಯ ಹಳೆಯ ನಿವೇಶನ ಹೋಗಿತ್ತು. ಹೊಸ ಕಟ್ಟಡವನ್ನು ನಗರದ ಒಳಗೆ ಕಟ್ಟಬೇಕೆ, ಹೊರಗೆ ಕಟ್ಟಬೇಕೆ ಎಂಬ ಚರ್ಚೆ ನಡೆದಿತ್ತು. ನೈಟಿಂಗೇಲ್ ಹೊರಗೆ ಎಂದರು. ಬಡವರು ಇರುವುದು ನಗರದಲ್ಲಿ, ಕಾಲು ಮುರಿದವನನ್ನು ಎಷ್ಟು ದೂರ ಹೊತ್ತೊಯ್ಯುವುದು ಎಂಬುದು ಎದುರು ಪಕ್ಷದ ಪ್ರಶ್ನೆ. ಲಂಡನ್ನಿಗೆ ತೊಂಬತ್ತೊಂದು, ಜಿಲ್ಲೆಗಳಿಗೆ ಮೂವತ್ತೊಂಬತ್ತು ಎಂಬ ಎರಡು ಅಂಕಿಗಳಿಗೆ ಇಂಥ ಚರ್ಚೆಯಲ್ಲಿ ಎಷ್ಟು ಬಲವಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಕಡೆಗೆ ಆಸ್ಪತ್ರೆ ನಗರದಲ್ಲಿಯೇ, ಥೇಮ್ಸ್ ನದಿಯ ದಡದಲ್ಲಿ, ಪಾರ್ಲಿಮೆಂಟಿನ ಎದುರಿಗೆ ಎದ್ದು 1871ರಲ್ಲಿ ತೆರೆಯಿತು.

ಕೋಷ್ಟಕದ ಕೊನೆಯ ಎರಡು ಸಾಲುಗಳಲ್ಲಿ ಇನ್ನೊಂದು ಪಾಠವಿದೆ. ಸಮುದ್ರತೀರದ ಮಾರ್ಗೇಟಿನ ಎರಡು ಚಿಕಿತ್ಸಾಲಯಗಳಲ್ಲಿ ಒಂದಕ್ಕೆ 133 ರೋಗಿಗಳು, 17 ಸಾವು, ಶೇಕಡಾ 12.78; ಇನ್ನೊಂದಕ್ಕೆ 108 ರೋಗಿಗಳು, 14 ಸಾವು, ಶೇಕಡಾ 12.96. ಬಿಂದುವಿನ ಮುಂದಿನ ಎರಡು ಅಂಕಿಗಳನ್ನು ನಂಬಿದವನು ಮೊದಲನೆಯದೇ ಕೊಂಚ ಮೇಲೆಂದಾನು. ಎರಡನೆಯದರಲ್ಲಿ ಒಬ್ಬನೇ ಒಬ್ಬ ಬದುಕಿಕೊಂಡಿದ್ದರೆ ಅದರ ಪ್ರಮಾಣ 12.04 ಆಗಿ ಸ್ಥಾನಗಳು ಅದಲುಬದಲಾಗುತ್ತಿದ್ದವು. ಸಾವುಗಳ ಸಂಖ್ಯೆ ಸಣ್ಣದಿದ್ದಲ್ಲಿ ಒಂದು ಸಾವನ್ನು ಕೂಡಿಸಿ, ಒಂದನ್ನು ಕಳೆದು ನೋಡಬೇಕು. ಅಷ್ಟರಿಂದಲೇ ಕ್ರಮ ತಲೆಕೆಳಗಾಗುವುದಾದರೆ ಆ ಕ್ರಮವನ್ನು ಕಟ್ಟಿಕೊಂಡು ಫಲವಿಲ್ಲ. ಸೇನೆ ಮತ್ತು ನೌಕಾದಳದ ಹದಿಮೂರು ಆಸ್ಪತ್ರೆಗಳ ರೋಗಿಗಳ ಸಂಖ್ಯೆಯೂ ಗಮನಾರ್ಹ: ಸರಿಯಾಗಿ 3,000. ಉಳಿದ ಸಾಲುಗಳೆಲ್ಲ ಬಿಡಿಬಿಡಿ ಅಂಕಿಗಳಲ್ಲಿ ಮುಗಿಯುವಾಗ ಇದೊಂದೇ ಸೊನ್ನೆಗಳಲ್ಲಿ ಮುಗಿದರೆ, ಅದನ್ನು ಎಣಿಸಿದರೋ ಅಂದಾಜು ಮಾಡಿದರೋ ಎಂದು ಕೇಳಬೇಕಾಗುತ್ತದೆ. ಅಂದಾಜಿನ ಸಂಖ್ಯೆಯಿಂದ ಭಾಗಿಸಿ ಪಡೆದ 15.67ರಲ್ಲಿ ಕೊನೆಯ ಎರಡು ಅಂಕಿಗಳು ಅಲಂಕಾರ ಮಾತ್ರ.

ವಿಚಿತ್ರವೆಂದರೆ, ಈ ರೋಗಕ್ಕೆ ಮದ್ದನ್ನು ಸೂಚಿಸಿದವರೂ ನೈಟಿಂಗೇಲ್ ಅವರೇ. 1860ರಲ್ಲಿ ಲಂಡನ್ನಿನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಅಂಕಿಅಂಶಗಳ ಸಮ್ಮೇಳನದ ಮುಂದೆ ಅವರು ಎಲ್ಲ ಆಸ್ಪತ್ರೆಗಳಿಗೂ ಒಂದೇ ಬಗೆಯ ನಮೂನೆಯನ್ನು ಇಟ್ಟಿದ್ದರು. ವರ್ಷದ ಮೊದಲ ದಿನ ಆಸ್ಪತ್ರೆಯಲ್ಲಿದ್ದವರೆಷ್ಟು, ವರ್ಷದಲ್ಲಿ ಸೇರಿದವರೆಷ್ಟು, ಗುಣವಾಗಿ ಹೋದವರು, ಗುಣವಾಗದೆ ಹೋದವರು, ಸತ್ತವರು, ಕೊನೆಯ ದಿನ ಉಳಿದವರು, ಒಬ್ಬೊಬ್ಬ ರೋಗಿ ಇದ್ದ ಸರಾಸರಿ ದಿನಗಳು. ಈ ಏಳು ಕಲಮುಗಳು ತುಂಬಿದ್ದರೆ ಯಾವ ಭಾಜಕ ಬೇಕೆಂದರೂ ಸಿಕ್ಕುತ್ತದೆ. ಮೊದಲೆರಡನ್ನು ಕೂಡಿದ ಮೊತ್ತವು ಮುಂದಿನ ನಾಲ್ಕರ ಮೊತ್ತಕ್ಕೆ ಸಮನಾಗಿದೆಯೆ ಎಂದು ನೋಡಿದರೆ ಪುಸ್ತಕ ಸರಿಯಾಗಿ ಬರೆದಿದೆಯೆ ಎಂಬುದೂ ಹೊರಬೀಳುತ್ತದೆ. 1863ರ ಕೋಷ್ಟಕದಲ್ಲಿ ಆ ಕಲಮುಗಳು ಇರಲಿಲ್ಲ. ಇದ್ದುದು ಗಣತಿಯ ಒಂದು ದಿನ.

ಜನವರಿ 1855ರ ಸಾಲು ಅಸಂಬದ್ಧವೆಂಬಂತೆ ಕಾಣುತ್ತಿತ್ತು. ಹನ್ನೆರಡು ಎಂಬ ಕೀಲಿಕೈ ಸಿಕ್ಕೊಡನೆ ಸತ್ಯವನ್ನೇ ನುಡಿಯಿತು. ಲಂಡನ್ನಿನ ಸಾಲು ಮೂರು ಬಾರಿ ತಾಳೆ ನೋಡಿದರೂ ಕೂಡಿಬರುತ್ತಿತ್ತು. ಆದರೆ ಓದುವವನನ್ನು ದಾರಿತಪ್ಪಿಸುತ್ತಿತ್ತು. ಆದಕಾರಣ ಪ್ರಮಾಣವೊಂದನ್ನು ಕಂಡವನು ಮೊದಲು ಭಾಗಿಸಿ ನೋಡಲಿ. ಕೂಡಿಬಾರದಿದ್ದರೆ ಎಷ್ಟು ಕಾಲದ ಲೆಕ್ಕವೆಂದು ಕೇಳಲಿ. ಕೂಡಿಬಂದರೆ ಅಲ್ಲಿಗೇ ಪುಸ್ತಕ ಮುಚ್ಚದೆ ಇನ್ನೊಂದು ಪ್ರಶ್ನೆ ಕೇಳಲಿ: ಮೇಲೆ ಬರೆದಿರುವ ಸಾವುಗಳು ಕೆಳಗೆ ಬರೆದಿರುವ ಜನರಲ್ಲಿಯೇ ಆದವೆ? ಲಂಡನ್ನಿನ ಆ ಸಾಲಿನಲ್ಲಿ 3,828 ಸಾವುಗಳೂ ನಿಜ, 4,214 ರೋಗಿಗಳೂ ನಿಜ. ಇವರು ಅವರಲ್ಲ, ಅಷ್ಟೆ.